ನಂದಗಡದ ಆಲದ ಕೆಳಗೆ

ಖಾನಾಪುರ ತಾಲೂಕಿನ ನಂದಗಡದಲ್ಲಿ, ಸಂಗೊಳ್ಳಿ ರಾಯಣ್ಣನ ಸಮಾಧಿಯ ಮೇಲೆ ಬೆಳೆದ ಆಲದ ಮರಕ್ಕೆ ಮಕ್ಕಳಿಲ್ಲದವರು ಪುಟ್ಟ ಮರದ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಗಾಳಿ ಬೀಸಿದಾಗ ಅವು ಯಾರೂ ತೂಗದೆಯೇ ತೂಗುತ್ತವೆ. ಹೊಸದರ ಬಣ್ಣ ಇನ್ನೂ ಮಾಸಿಲ್ಲ, ಹಳೆಯದು ಮಳೆಗೆ ಬೆಳ್ಳಗಾಗಿ ತೊಗಟೆಯ ಜೊತೆಗೇ ಬೆರೆತಿದೆ. ಯಾವ ತೊಟ್ಟಿಲಿನ ಮನೆಯಲ್ಲಿ ಮಗು ಅತ್ತಿತು, ಯಾವುದರ ಮನೆ ಸುಮ್ಮನೇ ಉಳಿಯಿತು ಎಂದು ನೋಡಿ ಹೇಳಲಾಗದು. ಮರ ಕೇಳಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ.

"ರಾಯಣ್ಣನಂಥಾ ಮಗಾ ಹುಟ್ಟಲಿ" ಎಂಬ ಬೇಡಿಕೆಯನ್ನು ಮನಸ್ಸಿನಲ್ಲಿ ತಿರುವಿದಷ್ಟೂ ಬೆರಗಾಗುತ್ತದೆ. ಏಕೆಂದರೆ ಆ ಮಣ್ಣಿನಲ್ಲಿ ಮಲಗಿರುವವನ ಬಯಕೆಯೇ ಈಡೇರಲಿಲ್ಲ. ಕಿತ್ತೂರಿನ ಗಾದಿಗೆ ರಾಣಿ ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಕೂರಿಸಲು ಅವನು ಕಾಡುಮೇಡು ಸುತ್ತಿ ಕಾದಾಡಿದ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು, ರಾಯಣ್ಣನನ್ನು ಅವನವರೇ ಹಿಡಿದುಕೊಟ್ಟರು, 1831ರ ಜನವರಿ 26ರಂದು ಇದೇ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಿತ್ತೂರಿಗೆ ರಾಜ್ಯ ಮರಳಲೇ ಇಲ್ಲ. ಅಂಥವನ ಮುಂದೆ ಸೆರಗೊಡ್ಡುವುದೆಂದರೆ, ಬೇಡಿದ್ದು ಸಿಗದೆ ಹೋದರೇನೆಂದು ಬಲ್ಲವನಲ್ಲಿ ಬೇಡುವುದು.

ಈ ಕಡೆಯ ಕ್ರೈಸ್ತರು ಕೈಮುಗಿಯುವ ಯೇಸುವೂ ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಈ ಪಾತ್ರೆ ನನ್ನಿಂದ ಸರಿಯಲಿ ಎಂದು ಬೇಡಿಕೊಂಡವನು. ಪಾತ್ರೆ ಸರಿಯಲಿಲ್ಲ, ಆದರೂ ತಂದೆಯ ಚಿತ್ತದಂತೆ ಆಗಲಿ ಎಂಬ ಮಾತನ್ನು ಆ ಬೇಡಿಕೆಯ ಬೆನ್ನಿಗೇ ಅವನು ಸೇರಿಸಿದ್ದ. ಮುಸ್ಲಿಮರ ಒಂದು ಹದೀಸಿನಲ್ಲಿ ಯಾವ ದುವಾವೂ ವ್ಯರ್ಥವಲ್ಲ: ಕೇಳಿದ್ದು ಬೇಗ ಸಿಗಬಹುದು, ಪರಲೋಕಕ್ಕೆ ಜಮೆಯಾಗಬಹುದು, ಇಲ್ಲವೇ ಬರಬೇಕಿದ್ದ ಕೆಡುಕೊಂದು ತಪ್ಪಿಹೋಗಬಹುದು. ತಪ್ಪಿಹೋದ ಕೆಡುಕನ್ನು ಕಂಡವರಾರು? ನನಗೆ ಹೆಚ್ಚು ಕಾಡುವುದು ಇದೇ, ಕಣ್ಣಿಗೆ ಬೀಳದ ಹಾಗೆ ಬಂದುಹೋದ ಉತ್ತರ.

ಇಲ್ಲೇ ಹತ್ತಿರದ ಹಲಸಿಯದು ಬೇರೆಯೇ ಮೌನ. ಕದಂಬರ ಮೃಗೇಶವರ್ಮ ಐದನೆಯ ಶತಮಾನದಲ್ಲಿ, ಅದು ಪಲಾಶಿಕೆಯೆನಿಸಿಕೊಂಡಿದ್ದಾಗ, ತೀರಿಹೋದ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ ಊರು ಅದು. ಜೈನರ ನಂಬಿಕೆಯಲ್ಲಿ ಮುಕ್ತನಾದ ಜಿನ ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಫಲವೆಲ್ಲ ಅವರವರ ಕರ್ಮದ್ದು. ಹಾಗಿದ್ದ ಮೇಲೆ ಉತ್ತರ ಬರಲಿಲ್ಲವೆಂಬ ಕೊರಗಿಗೆ ಜಾಗವೇ ಇಲ್ಲ. ದೀಪ, ಅಕ್ಷತೆ, ಆ ನಿಶ್ಚಲ ಮುಖ, ಅದನ್ನು ನೋಡುತ್ತ ನೋಡುತ್ತ ತಾನೂ ಅಷ್ಟು ನಿಶ್ಚಲವಾಗಬೇಕೆಂಬ ಆಸೆ. ಅದನ್ನೂ ಬೇಡಿಕೆ ಎನ್ನುವುದಾದರೆ ಎನ್ನಿ.

ನನ್ನ ಮನಸ್ಸು ಹಲಸಿಯನ್ನು ಒಪ್ಪುತ್ತದೆ, ಕಾಲು ಮಾತ್ರ ನಂದಗಡದ ಕಡೆಗೇ ಹೋಗುತ್ತದೆ. ನೀವು ಹೋದರೆ, ಮರದಡಿ ತೊಟ್ಟಿಲು ಹಿಡಿದು ನಿಂತವರನ್ನು ಹರಕೆ ಫಲಿಸುತ್ತದೆಯೇ ಎಂದು ಕೇಳಬೇಡಿ. ಅವರು ಕಟ್ಟಿ ಮುಗಿಸಲಿ.