ಏಳು ವರ್ಷದ ಮೇಲೊಂದು ‘ಹೇಗಿದ್ದೀರಣ್ಣ?’

ಮೂರು ವರ್ಷದ ಹಿಂದಿನ ಮಾತು. ಬಿಇನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಒಂದು ರಾತ್ರಿ ಇದ್ದಕ್ಕಿದ್ದಂತೆ ವಾಟ್ಸಾಪಿನಲ್ಲಿ ‘ಹೇಗಿದ್ದೀಯೋ?’ ಅಂತ ಕೇಳಿದ. ಹಾಸ್ಟೆಲ್ ಬಿಟ್ಟ ಮೇಲೆ ಮಾತೇ ಇರಲಿಲ್ಲ. ಖುಷಿಯಾಯ್ತು. ಮಗಳ ಫೋಟೊ ಕಳಿಸಿದೆ, ಊರಲ್ಲಿ ಅಪ್ಪನ ಮಂಡಿನೋವಿನ ಕಥೆ ಹೇಳಿದೆ, ಮೆಸ್ಸಿನ ನೀರು ಸಾಂಬಾರು ನೆನೆಸಿಕೊಂಡು ಇಬ್ಬರೂ ನಕ್ಕೆವು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಅವನ ರೆಸ್ಯುಮೆ ಬಂದು ಕೂತಿತ್ತು. ಜೊತೆಗೆ ನಮ್ಮ ಕಂಪನಿಯ ಒಂದು ಜಾಬ್ ಐಡಿ.

ರೆಫರ್ ಮಾಡಿದೆ. ಐದು ನಿಮಿಷದ ಕೆಲಸ ಅದು. ಆದರೆ ಆಮೇಲೆ ಆ ಎರಡು ದಿನದ ಮಾತನ್ನು ಮೇಲಿಂದ ಓದಿದಾಗ ಒಂದೊಂದು ಸಾಲೂ ಬೇರೆ ಥರ ಕಾಣಿಸಿತು. ಅಪ್ಪನ ಮಂಡಿ ಹೇಗಿದೆ ಅಂತ ಅವನು ಕೇಳಿದ್ದು ನಿಜಕ್ಕೂ ಅಪ್ಪನಿಗಾಗಿಯಾ? ಗೊತ್ತಾಗಲಿಲ್ಲ. ನೋವಾಗಿದ್ದು ಅದಕ್ಕೇ.

ಹೋದ ವರ್ಷ ನನ್ನ ಸರದಿ ಬಂತು. ಹದಿನೈದು ನಿಮಿಷದ ಒಂದು ಮೀಟಿಂಗಿನಲ್ಲಿ ಕೆಲಸ ಹೋಯ್ತು. ಯಾರನ್ನು ಕೇಳಬಹುದು ಅಂತ ಪಟ್ಟಿ ಮಾಡಲು ಕೂತೆ. ದಿನಾ ಮಾತಾಡುವ ಗೆಳೆಯರೆಲ್ಲ ನನ್ನ ಟೀಮಿನವರೇ. ಅವರಿಗೆ ಗೊತ್ತಿರುವ ಓಪನಿಂಗ್‌ಗಳು ನನಗೂ ಗೊತ್ತು, ಅವರಲ್ಲಿ ಇಬ್ಬರು ನನ್ನ ಜೊತೆಗೇ ಮನೆಗೆ ಬಂದವರು.

ಇದು ಹೊಸ ವಿಷಯವೇನಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಬಾಸ್ಟನ್ ಪಕ್ಕದ ಒಂದು ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಆತ ವಿಚಾರಿಸಿದ. ವಾರಕ್ಕೆರಡು ಸಲವಾದರೂ ಸಿಗುತ್ತಿದ್ದ ಆಪ್ತರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ 17 ಮಂದಿಗೆ ಮಾತ್ರ. ಸುಮಾರು 28 ಮಂದಿಗೆ ಸುದ್ದಿ ಕೊಟ್ಟವರು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು ಅನ್ನುವಂಥ ಪರಿಚಯಸ್ಥರು. ಉಳಿದವರಿಗೆ ನಡುವಿನವರಿಂದ, ಆಗೀಗ ಸಿಗುವವರಿಂದ. ಕಾರಣ ಸರಳ. ನಮ್ಮ ಆಪ್ತರು ನಮ್ಮ ಬಾವಿಯಲ್ಲೇ ನೀರು ಸೇದುವವರು, ದೂರದವರ ಬಾವಿ ಬೇರೆ.

ನನ್ನ ಪಟ್ಟಿಯಲ್ಲಿ ಅಂಥ ದೂರದ ಹೆಸರು ಒಂದೇ. 2013ರಲ್ಲಿ ವಿಜಯನಗರದ ರೂಮಿನಲ್ಲಿ ಜೊತೆಗಿದ್ದ ಸೀನಿಯರ್. ನಮ್ಮ ತೀರ್ಥಹಳ್ಳಿ ಕಡೆಯವರೇ, ಅಣ್ಣ ಅಂತಲೇ ಕರೆಯುತ್ತಿದ್ದೆ. ಸರ್ವರಿನ ಲಾಗ್ ಓದೋದು ಕಲಿಸಿದ್ದು ಅವರು. ಚಾಟ್ ತೆಗೆದು ನೋಡಿದೆ. ಏಳು ವರ್ಷದ ಹಿಂದೆ ಅವರ ಗೃಹಪ್ರವೇಶದ ಕರೆಯೋಲೆ, ಕೆಳಗೆ ‘ತಪ್ಪದೆ ಬಾ ಮಾರಾಯ.’ ಅದಕ್ಕೆ ನಾನೊಂದು ಹೆಬ್ಬೆರಳು ಒತ್ತಿದ್ದೆ. ಹೋಗಿರಲಿಲ್ಲ.

‘ಹೇಗಿದ್ದೀರಣ್ಣ?’ ಅಂತ ಟೈಪ್ ಮಾಡಿದೆ. ಅಳಿಸಿದೆ. ಎರಡು ದಿನ ಊಟ-ತಿಂಡಿ ಮಾತಾಡಿ ಆಮೇಲೆ ರೆಸ್ಯುಮೆ ಕಳಿಸಿದರೆ ನಾನು ಆ ಗೆಳೆಯನಿಗಿಂತ ಹೇಗೆ ಬೇರೆ? ಹಾಗಂತ ಮೊದಲ ಸಾಲಿನಲ್ಲೇ ‘ರೆಫರ್ ಮಾಡಿ’ ಅಂದರೆ ಏಳು ವರ್ಷಕ್ಕೆ ಏನು ಬೆಲೆ ಕೊಟ್ಟ ಹಾಗಾಯ್ತು?

ಆಗ ಊರು ನೆನಪಾಯ್ತು. ನಮ್ಮಲ್ಲಿ ಸಾಲ ಕೇಳೋಕೆ ಬಂದವರು ಬಾಗಿಲಲ್ಲಿ ನಿಂತು ದುಡ್ಡು ಅನ್ನೋದಿಲ್ಲ. ಬೆಲ್ಲ-ನೀರು ಆಗುತ್ತೆ, ಮಳೆ ಮಾತಾಗುತ್ತೆ, ಅಡಿಕೆಗೆ ಕೊಳೆ ಬಂದದ್ದಾಗುತ್ತೆ, ಕವಳ ಹಾಕಿ ಎದ್ದು ಹೊರಡುವಾಗ ‘ಹಂಗಾರೆ ಒಂದು ವಿಷ್ಯ ಇತ್ತು’ ಅನ್ನುತ್ತಾರೆ. ಇದನ್ನು ಯಾರೂ ಮೋಸ ಅಂದದ್ದಿಲ್ಲ. ಯಾಕೆಂದರೆ ಬಂದವರ ಮುಖ ನೋಡಿದಾಗಲೇ ಅಪ್ಪನಿಗೆ ವಿಷಯ ಗೊತ್ತಿರುತ್ತಿತ್ತು. ಕೊಡೋಕೆ ಆಗದಿದ್ದರೆ ಮಳೆ ಮಾತಿನ ನಡುವೆಯೇ ‘ಈ ಸಲ ನಮ್ಮದೂ ಕಷ್ಟ ಮಾರಾಯ’ ಅಂತ ಒಂದು ಮಾತು ಸೇರಿಸುತ್ತಿದ್ದರು. ಕೇಳುವ ಮೊದಲೇ ಇಲ್ಲ ಅನ್ನಲು ದಾರಿ ಇತ್ತು, ಇಬ್ಬರ ಮಾನವೂ ಉಳಿಯುತ್ತಿತ್ತು. ಇನ್ನೂ ಒಂದು ವಿಷಯ. ಸಾಲ ಸಿಗಲಿ ಬಿಡಲಿ, ಮುಂದಿನ ವಾರ ನಾಟಿಗೆ ಅವರು ಮುಯ್ಯಾಳಾಗಿ ಬರುತ್ತಿದ್ದರು, ನಾವು ಅವರ ಗದ್ದೆಗೆ ಹೋಗುತ್ತಿದ್ದೆವು.

ವಾಟ್ಸಾಪಿಗೆ ಮುಖವಿಲ್ಲ. ಅಲ್ಲಿ ‘ಹೇಗಿದ್ದೀರಿ’ ಅಂದರೆ ಎದುರಿನವರಿಗೆ ಕಾಣಿಸೋದು ಅಷ್ಟೇ. ನನ್ನ ಅಗತ್ಯ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಅವರು ಮನಸ್ಸು ಬಿಚ್ಚುತ್ತಾರೆ, ಆಮೇಲೆ ಇಲ್ಲ ಅನ್ನೋದು ಕಷ್ಟವಾಗುತ್ತೆ. ತಪ್ಪು ಇರುವುದು ಇಲ್ಲಿ, ಕೇಳುವುದರಲ್ಲಲ್ಲ. ಕಾಂಟ್ ಕೂಡ ಮನುಷ್ಯರನ್ನು ‘ಬರೀ’ ಸಾಧನವಾಗಿ ಬಳಸಬೇಡಿ ಅಂದದ್ದು. ಒಬ್ಬರಿಂದೊಬ್ಬರಿಗೆ ಉಪಯೋಗವೇ ಆಗಬಾರದು ಅಂದಿದ್ದರೆ ಮುಯ್ಯಾಳೂ ತಪ್ಪಾಗಬೇಕಿತ್ತು.

ಕೊನೆಗೆ ಹೀಗೆ ಬರೆದೆ: ‘ಅಣ್ಣ, ಏಳು ವರ್ಷ ಆಯ್ತು. ನಿಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ, ಬರ್ತಿಲ್ಲ ಅಂತ ಹೇಳಲೂ ಇಲ್ಲ, ತಪ್ಪಾಯ್ತು. ಹೋದ ತಿಂಗಳು ನನ್ನ ಕೆಲಸ ಹೋಯ್ತು, ಹುಡುಕ್ತಾ ಇದ್ದೀನಿ. ಅದನ್ನು ಮುಚ್ಚಿಟ್ಟು ಮಾತಾಡೋದು ಬೇಡ ಅಂತ ಮೊದಲೇ ಹೇಳ್ತಿದ್ದೀನಿ. ನಿಮ್ಮ ಹತ್ರ ಮಾತಾಡ್ಬೇಕು ಅನ್ನಿಸ್ತು. ಪುರುಸೊತ್ತಾದಾಗ ಹೇಳಿ.’

ರೆಸ್ಯುಮೆ ಸೇರಿಸಲಿಲ್ಲ. ಜಾಬ್ ಐಡಿ ಹಾಕಲಿಲ್ಲ. ಕಳಿಸುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ಅವರ ಕಂಪನಿಯಲ್ಲಿ ಕೆಲಸವೇ ಇಲ್ಲ ಅಂತ ಈಗಲೇ ಗೊತ್ತಾದರೂ ಇದನ್ನು ಕಳಿಸ್ತೀನಾ? ಪಟ್ಟಿಯ ಬೇರೆ ಇಬ್ಬರ ವಿಷಯದಲ್ಲಿ ಉತ್ತರ ‘ಇಲ್ಲ’ ಅಂತ ಬಂತು. ಅವರಿಗೆ ಕುಶಲ ಕೇಳುವ ನಾಟಕ ಬೇಡ ಅಂತ, ‘ನಾವು ಹೆಚ್ಚು ಪರಿಚಯವಿಲ್ಲ, ಒಂದು ವಿಚಾರ ಕೇಳಬೇಕಿತ್ತು’ ಅಂತ ನೇರವಾಗಿಯೇ ಬರೆದೆ. ಒಬ್ಬರು ಉತ್ತರಿಸಿದರು, ಒಬ್ಬರು ಇಲ್ಲ. ಬೇಸರವಾಗಲಿಲ್ಲ.

ಅಣ್ಣ ಭಾನುವಾರ ಫೋನ್ ಮಾಡಿದರು. ‘ಬದುಕಿದ್ದೀಯಾ ಮಾರಾಯ?’ ನಲವತ್ತು ನಿಮಿಷ ಮಾತಾಡಿದೆವು. ಅವರ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ರೂಮಿಗೆ ಬಂದಾಗಲೆಲ್ಲ ನನಗೂ ಸೇರಿಸಿ ಕಡುಬು ಕಟ್ಟಿಕೊಂಡು ಬರುತ್ತಿದ್ದ ಅಮ್ಮ. ಕೆಲಸದ ಮಾತು ತೆಗೆದದ್ದು ಅವರೇ.

‘ನಮ್ಮಲ್ಲಿ ಹೈರಿಂಗ್ ನಿಲ್ಸಿದ್ದಾರೆ, ಸುಮ್ನೆ ಆಸೆ ಇಟ್ಕೋಬೇಡ’ ಅಂದರು. ನಾನು ಬೇರೆ ಪ್ರಶ್ನೆ ಕೇಳಿದೆ: ‘ನನ್ನಂಥ ಅನುಭವದವರನ್ನು ಈಗ ಎಲ್ಲಿ ತಗೋತಿದ್ದಾರೆ, ಏನು ಕೇಳ್ತಿದ್ದಾರೆ?’ ಇದಕ್ಕೆ ಅವರು ಯಾರ ಮುಂದೆಯೂ ನನ್ನ ಜಾಮೀನು ನಿಲ್ಲಬೇಕಿರಲಿಲ್ಲ. ರೆಫರಲ್ ಅಂದರೆ ಜಾಮೀನೇ ಅಲ್ವಾ? ಏಳು ವರ್ಷದಿಂದ ನನ್ನ ಕೆಲಸ ನೋಡದವರ ಹತ್ತಿರ ಅದನ್ನು ಮೊದಲ ಮಾತಿಗೇ ಕೇಳೋದು ನ್ಯಾಯವಲ್ಲ. ಅವರು ಎರಡು ಕಂಪನಿ ಹೇಳಿದರು. ಒಂದರ ಹೆಸರೇ ನಾನು ಕೇಳಿರಲಿಲ್ಲ. ಜೊತೆಗೊಂದು ಎಚ್ಚರಿಕೆ: ‘ಅವಸರಕ್ಕೆ ಬಿದ್ದು ವೆಬ್‌ಸೈಟಲ್ಲಿ ಅಪ್ಲೈ ಮಾಡ್ಬೇಡ. ಮೊದಲೇ ನೀನು ಹಾಕಿದ್ರೆ ಆಮೇಲೆ ರೆಫರಲ್ ಲೆಕ್ಕಕ್ಕೆ ಬರದೇ ಹೋಗ್ಬಹುದು.’ ಬಹಳ ಕಂಪನಿಗಳಲ್ಲಿ ಇದು ಹೀಗೇ ಇದೆ. ಅಲ್ಲಿದ್ದ ತಮ್ಮ ಪರಿಚಯದವರ ಹತ್ತಿರ ಅವರೇ ಮಾತಾಡುತ್ತೇನೆ ಅಂದರು. ನಾನು ಕೇಳಿರಲಿಲ್ಲ.

ಆ ಕೆಲಸ ಸಿಗಲಿಲ್ಲ. ಮೂರನೇ ಸುತ್ತಿನಲ್ಲಿ ಬಿದ್ದೆ. ಅವತ್ತೇ ಅಣ್ಣನಿಗೆ ತಿಳಿಸಿದೆ, ಅವರ ಮಾತಿಗೆ ಅವರ ಪರಿಚಯದವರು ಸಮಯ ಕೊಟ್ಟಿದ್ದರಲ್ಲ. ಎರಡು ತಿಂಗಳ ಮೇಲೆ ಬೇರೆ ಕಡೆಯಿಂದ ಕೆಲಸ ಆಯ್ತು. ಅದನ್ನೂ ತಿಳಿಸಿದೆ.

ಕೆಲಸ ಸೇರಿದ ಮೊದಲ ಶನಿವಾರ ಅವರ ಮನೆಗೆ ಹೋದೆ. ಗೃಹಪ್ರವೇಶವಾಗಿ ಏಳು ವರ್ಷವಾದ ಮನೆ, ಬಾಗಿಲ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅತ್ತಿಗೆ ಬೆಲ್ಲ-ನೀರು ತಂದಿಟ್ಟರು. ಅಣ್ಣ ನಗುತ್ತಾ ‘ಈ ಸಲ ಏನು ಬೇಕಿತ್ತೋ?’ ಅಂದರು. ಏನೂ ಬೇಕಿರಲಿಲ್ಲ. ಊರಲ್ಲಿ ಮಳೆ ಹೇಗಿದೆಯಂತೆ ಅಂತ ಕೇಳಿದೆ.