ಒಂದು ಸೌಟು ಅನ್ನದ ನೆನಪು





ಹೋದ ಭಾನುವಾರ ವಂದನೆ ಮುಗಿದ ಮೇಲೆ ದೊಡ್ಡಬಳ್ಳಾಪುರ ಕಡೆಯ ನಮ್ಮ ತಂಗಿಯೊಬ್ಬಳು ಎದ್ದು ನಿಂತು ತನಗೆ ಕೆಲಸ ಸಿಕ್ಕಿದೆ ಎಂದಳು. ಡಿಪ್ಲೊಮಾ ಮುಗಿಸಿ ಹದಿನಾಲ್ಕು ತಿಂಗಳು ಅಲೆದಿದ್ದಳು. ಈಗ ದೇವನಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ಬಿಡಿಭಾಗಗಳನ್ನು ಅಳೆದು ನೋಡುವ ಕ್ವಾಲಿಟಿ ವಿಭಾಗದಲ್ಲಿ ಸೇರಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಮಾತ್ರ ಚಪ್ಪಾಳೆ ತಟ್ಟಿ ತಲೆ ತಗ್ಗಿಸಿ ಕುಳಿತರು.

ಅವರು ಗಾರ್ಮೆಂಟ್ಸ್‌ಗೆ ಹೋಗುವವರು. ಈ ಹುಡುಗಿ ಇಂಟರ್‌ವ್ಯೂಗೆ ಹೋದಾಗಲೆಲ್ಲ ಬಸ್ ಚಾರ್ಜಿಗೆ ದುಡ್ಡು ಕೊಟ್ಟವರು, ತಮ್ಮ ಒಳ್ಳೆಯ ಚೂಡಿದಾರವನ್ನು ಇಸ್ತ್ರಿ ಮಾಡಿ ಕೊಟ್ಟವರು. ಚಹಾ ಕುಡಿಯುವಾಗ ನಾನೇ ಕೇಳಿದೆ. “ಕೋಪ ಏನಿಲ್ಲಣ್ಣ. ಸ್ಟೇಟಸ್‌ನಲ್ಲಿ ನೋಡಿ ತಿಳ್ಕೊಂಡೆ, ಅಷ್ಟೇ” ಅಂದರು.

ಸ್ಟೇಟಸ್‌ನಲ್ಲಿ ಇದ್ದದ್ದು ಆಫರ್ ಲೆಟರ್‌ನ ಫೋಟೋ, ಕೆಳಗೆ ‘ಸಪೋರ್ಟ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್’ ಎಂಬ ಒಂದು ಸಾಲು. ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ‘ಎಲ್ಲರಿಗೂ’ ಎನ್ನುವ ಮಾತು ಆ ಅಕ್ಕನವರೆಗೆ ತಲುಪಲಿಲ್ಲ. ಇವತ್ತಿನ ಚಿಂತನೆ ಇದರ ಬಗ್ಗೆಯೇ ಇರಲಿ ಎಂದುಕೊಂಡೆ.

ಅಂಗುತ್ತರ ನಿಕಾಯದ ಎರಡರ ಗುಂಪಿನಲ್ಲಿ ಭಗವಾನ್ ಬುದ್ಧರು ಲೋಕದಲ್ಲಿ ಅಪರೂಪವಾದ ಇಬ್ಬರನ್ನು ಹೇಳುತ್ತಾರೆ. ಒಬ್ಬರು ‘ಪುಬ್ಬಕಾರಿ’, ಅಂದರೆ ತಮಗೆ ಯಾರೂ ಏನೂ ಮಾಡದಿದ್ದರೂ ತಾವೇ ಮೊದಲು ಉಪಕಾರ ಮಾಡುವವರು. ಇನ್ನೊಬ್ಬರು ‘ಕತಞ್ಞು ಕತವೇದಿ’. ಇದನ್ನು ನಾವು ‘ಕೃತಜ್ಞ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಪಾಲಿಯಲ್ಲಿ ಎರಡು ಪದಗಳಿವೆ. ಕತಞ್ಞು ಎಂದರೆ ತನಗೆ ಏನು ಮಾಡಲಾಗಿದೆ ಎಂದು ಬಲ್ಲವನು. ಕತವೇದಿ ಎಂದರೆ ಬಲ್ಲದ್ದನ್ನು ತಿಳಿಯಪಡಿಸುವವನು. ಮೊದಲನೆಯದು ಒಳಗೆ ಇರುವುದು, ಎರಡನೆಯದು ಹೊರಗೆ ಬರುವುದು. ನಮ್ಮ ತಂಗಿಯಲ್ಲಿ ಮೊದಲನೆಯದು ಪೂರ್ತಿ ಇತ್ತು. ಎರಡನೆಯದು ಅರ್ಧ ದಾರಿಯಲ್ಲಿ ನಿಂತಿತ್ತು.

ವಿನಯ ಪಿಟಕದ ಮಹಾವಗ್ಗದಲ್ಲಿ ರಾಧ ಎಂಬುವನ ಪ್ರಸಂಗ ಬರುತ್ತದೆ. ಅವನು ಭಿಕ್ಷು ಆಗಬೇಕೆಂದು ಬಂದ. ಯಾರೂ ಅವನಿಗೆ ಪಬ್ಬಜ್ಜೆ ಕೊಡಲು ಮುಂದೆ ಬರಲಿಲ್ಲ. ಕೊರಗಿ ಕೊರಗಿ ಬಡಕಲಾದ. (ರಾಧ ಬ್ರಾಹ್ಮಣ. ಸಂಘದ ಬಾಗಿಲಲ್ಲಿ ಅವನೂ ಕಾಯಬೇಕಾಯಿತು, ಇರಲಿ.) ಬುದ್ಧರು ಅವನನ್ನು ಕಂಡು ಭಿಕ್ಷುಗಳನ್ನು ಕೇಳಿದರು: ಇವನು ಮಾಡಿದ ಯಾವುದಾದರೂ ಉಪಕಾರ ಯಾರಿಗಾದರೂ ನೆನಪಿದೆಯೇ? ಸಾರಿಪುತ್ತ ಹೇಳಿದರು, ನನಗೆ ನೆನಪಿದೆ, ರಾಜಗೃಹದಲ್ಲಿ ನಾನು ಭಿಕ್ಷೆಗೆ ಹೋಗಿದ್ದಾಗ ಇವನು ಒಂದು ಸೌಟು ಅನ್ನ ಕೊಡಿಸಿದ್ದ. ಬುದ್ಧರು ಸಾಧು ಸಾಧು ಎಂದರು. ರಾಧನಿಗೆ ಪಬ್ಬಜ್ಜೆ ಕೊಡುವ ಹೊಣೆ ಸಾರಿಪುತ್ತರಿಗೇ ಬಂತು.

ಇಲ್ಲಿ ಗಮನಿಸಿ. ಸಾರಿಪುತ್ತರು ‘ಇವನು ಒಳ್ಳೆಯ ಮನುಷ್ಯ’ ಎನ್ನಲಿಲ್ಲ. ಯಾವ ಊರು, ಯಾವ ಹೊತ್ತು, ಏನು, ಎಷ್ಟು ಎಂದು ಹೇಳಿದರು. ಒಂದು ಸೌಟು. ಅಷ್ಟು ಸಣ್ಣದನ್ನು ಅಷ್ಟು ನಿಖರವಾಗಿ ಹೇಳಿದ್ದರಿಂದಲೇ ಅದು ನಂಬುವ ಮಾತಾಯಿತು. ಅದೂ ಎಲ್ಲ ಭಿಕ್ಷುಗಳ ಎದುರಿಗೆ, ರಾಧನಿಗೆ ಅದು ಬೇಕಾಗಿದ್ದ ಹೊತ್ತಿನಲ್ಲಿ.

ಬಾಬಾಸಾಹೇಬರೂ ಹೀಗೆಯೇ ಉಪಕಾರ ನೆನೆದವರು. ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥಕ್ಕೆ 1956ರಲ್ಲಿ ಅವರು ಬರೆದ ಮುನ್ನುಡಿಯಲ್ಲಿ ಬಾಲ್ಯದಲ್ಲಿ ಬುದ್ಧನ ಚರಿತ್ರೆಯ ಪುಸ್ತಕ ಕೈಗಿತ್ತ ದಾದಾ ಕೇಳೂಸ್ಕರರನ್ನು ನೆನೆಯುತ್ತಾರೆ. ಆರೋಗ್ಯ ಆರಿಹೋಗುವಂತಿದ್ದಾಗ ಉಳಿಸಿದ ಪತ್ನಿಯನ್ನೂ ಡಾಕ್ಟರ್ ಮಾಲವಣಕರರನ್ನೂ ನೆನೆಯುತ್ತಾರೆ. ಕರಡಚ್ಚು ತಿದ್ದಿದ ಚಿಟ್ನಿಸರನ್ನು, ಹಸ್ತಪ್ರತಿಯನ್ನು ಟೈಪ್ ಮಾಡಿದ ನಾನಕ್ ಚಂದ್ ರತ್ತು ಮತ್ತು ಪ್ರಕಾಶ್ ಚಂದ್ ಅವರನ್ನು ಹೆಸರು ಹಿಡಿದು ನೆನೆಯುತ್ತಾರೆ. ರತ್ತು ಅವರು ಸಂಭಾವನೆಯ ನಿರೀಕ್ಷೆ ಇಲ್ಲದೆ ದುಡಿದರು ಎಂಬುದನ್ನೂ ಬರೆಯುತ್ತಾರೆ. ಯಾರು, ಏನು ಮಾಡಿದರು ಎಂಬುದು ಒಬ್ಬೊಬ್ಬರಿಗೂ ಬೇರೆ ಬೇರೆ ಇದೆ. ಆದರೆ 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪುಸ್ತಕ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬೆಳಕಿಗೆ ಬಂತು. ಬರೆದ ಕೃತಜ್ಞತೆಯೂ ತಲುಪದೆ ಉಳಿಯಬಹುದು ಎನ್ನುವುದಕ್ಕೆ ನನಗೆ ಯಾವಾಗಲೂ ಇದೇ ನೆನಪಾಗುತ್ತದೆ.

ಮತ್ತೆ ನಮ್ಮ ತಂಗಿಯ ವಿಷಯಕ್ಕೆ ಬರೋಣ. ಅವತ್ತು ಸಂಜೆ ಅವಳ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆಸಿದೆ: ಹದಿನಾಲ್ಕು ತಿಂಗಳಲ್ಲಿ ಯಾರು ಏನು ಮಾಡಿದರು? ಮೊದಲು ಐದು ಹೆಸರು ಬಂತು. ಫೋನಿನಲ್ಲಿ ಹಳೆಯ ಮೆಸೇಜುಗಳನ್ನು ಹಿಂದಕ್ಕೆ ಎಳೆಯುತ್ತಾ ಹೋದಂತೆ ಹನ್ನೊಂದಾಯಿತು. ರೆಸ್ಯೂಮೆ ಟೈಪ್ ಮಾಡಿ ಅರ್ಧ ದುಡ್ಡು ಮಾತ್ರ ತೆಗೆದುಕೊಂಡ ಜೆರಾಕ್ಸ್ ಅಂಗಡಿಯ ಅಣ್ಣ ಅವಳಿಗೆ ಮರೆತೇ ಹೋಗಿದ್ದ. ಕೆಲಸ ಸಿಗದ ಇಂಟರ್‌ವ್ಯೂಗಳಿಗೆ ಕಳಿಸಿದವರೂ ಪಟ್ಟಿಯಲ್ಲಿ ಇರಬೇಕು ಎಂದೆ. ಅವರು ಕಳಿಸಿದ್ದು ಕೆಲಸ ಸಿಗಲಿ ಎಂದೇ ಅಲ್ಲವೇ?

ಆಮೇಲೆ ಯಾರಿಗೆ ಹೇಗೆ ಹೇಳುವುದು ಎಂಬ ಮಾತು ಬಂತು. ಹತ್ತಿರದವರಿಗೆ ಫೋನ್ ಮಾಡಿ ಅಥವಾ ಮನೆಗೆ ಹೋಗಿ ಹೇಳಬೇಕು, ಗುಂಪಿಗೆ ಹಾಕುವುದು ಅದರ ನಂತರ. ಗುಂಪಿನಲ್ಲಿ ಹೆಸರು ಹಾಕುವ ಮುಂಚೆ ಅವರನ್ನು ಕೇಳಬೇಕು. ಅವಳ ರೆಸ್ಯೂಮೆಯನ್ನು ಒಳಗೆ ತಲುಪಿಸಿದ ಅಣ್ಣ ಅದೇ ಕಾರ್ಖಾನೆಯಲ್ಲಿದ್ದಾರೆ. ಅವರ ಹೆಸರು ಇನ್ನೂರು ಜನರ ಗುಂಪಿನಲ್ಲಿ ಬಂದರೆ ಮಾರನೆಯ ದಿನವೇ ಐವತ್ತು ರೆಸ್ಯೂಮೆ ಅವರ ಫೋನಿಗೆ ಬೀಳುತ್ತವೆ. ಕೇಳಿದಾಗ ಅವರು “ಹೆಸರು ಬೇಡಮ್ಮ” ಎಂದೇ ಹೇಳಿದರು. ಜಾತಿ ಪ್ರಮಾಣಪತ್ರಕ್ಕೆ ಯಾವ ಕಾಗದ ಬೇಕು ಎಂದು ತಾಳ್ಮೆಯಿಂದ ತಿಳಿಸಿದ ನಾಡಕಚೇರಿಯ ಮೇಡಂ ಹೆಸರನ್ನೂ ಹಾಕಲಿಲ್ಲ. ಅವರು ಮಾಡಿದ್ದು ಅವರ ಕೆಲಸ. ಹೊರಗಿನವರು ಅದನ್ನು ಪಕ್ಷಪಾತ ಎಂದು ಓದಬಹುದು. ಅವರಿಗೆ ಖುದ್ದಾಗಿ ಹೋಗಿ ಹೇಳಿ ಬಂದಳು.

ಸಮ್ಮಾ ವಾಚಾ, ಸರಿಯಾದ ಮಾತು, ಇಲ್ಲಿ ಇನ್ನೊಂದು ಕಡೆಯೂ ಬಂತು. ಸ್ಟೇಟಸ್‌ನಲ್ಲಿ ಅವಳು ಕಾರ್ಖಾನೆಯ ಹೆಸರು ಹಾಕಿ ‘ಅಲ್ಲಿ ಕೆಲಸ ಸಿಕ್ಕಿತು’ ಎಂದಿದ್ದಳು. ಲೆಟರ್ ನೋಡಿದರೆ ಅದು ಕಂಟ್ರಾಕ್ಟ್ ಏಜೆನ್ಸಿಯದು. ಸಂಬಳ, ಪಿಎಫ್, ಇಎಸ್ಐ ಎಲ್ಲ ಏಜೆನ್ಸಿಯ ಮೂಲಕ. ನಮ್ಮ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಲ್ಲಿ ಇದು ಹೊಸದಲ್ಲ, ನಾಚಿಕೆಯದೂ ಅಲ್ಲ. ಆದರೆ ಹಾಗೆಂದು ಹೇಳದಿದ್ದರೆ ನಾಳೆ ನಮ್ಮ ಹುಡುಗನೊಬ್ಬ ಅವಳನ್ನು ನಂಬಿ ಕಾರ್ಖಾನೆಯ ಗೇಟಿನಲ್ಲಿ ಹೋಗಿ ನಿಲ್ಲುತ್ತಾನೆ, ಸೆಕ್ಯುರಿಟಿ ವಾಪಸ್ ಕಳಿಸುತ್ತಾನೆ. ‘ಏಜೆನ್ಸಿ ಮೂಲಕ, ಆರು ತಿಂಗಳ ಪ್ರೊಬೇಷನ್’ ಎಂದು ಬರೆದರೆ ಅವನಿಗೆ ಎಲ್ಲಿ ಕೇಳಬೇಕು ಎಂದು ಗೊತ್ತಾಗುತ್ತದೆ.

ಆಫರ್ ಲೆಟರ್‌ನ ಫೋಟೋ ತೆಗೆದು ಹಾಕಿಸಿದೆ. ಅದರಲ್ಲಿ ಮನೆ ವಿಳಾಸ, ಹುಟ್ಟಿದ ದಿನಾಂಕ, ಸಂಬಳ ಎಲ್ಲ ಇತ್ತು. ತಡವಾಗಿತ್ತು. ಮೂರನೆಯ ದಿನ ಯಾರೋ ಫೋನ್ ಮಾಡಿ, ಲೆಟರ್‌ನಲ್ಲಿದ್ದ ನಂಬರುಗಳನ್ನೇ ಓದಿ ಹೇಳಿ, ಯೂನಿಫಾರಂ ಮತ್ತು ಐಡಿ ಕಾರ್ಡಿಗೆ ಎರಡು ಸಾವಿರ ಡೆಪಾಸಿಟ್ ಕಟ್ಟಿ ಎಂದರು. ಅವಳು ಹೌದೇನೋ ಎಂದುಕೊಂಡಿದ್ದಳು. ಹಣ ಕೇಳಿದ ಕೂಡಲೇ ಫೋನ್ ಇಟ್ಟು, ಸೇರಿದ ದಿನ ತಾನು ಕಂಡ ಎಚ್‌ಆರ್‌ನವರನ್ನೇ ಹೋಗಿ ಕೇಳಿದಳು. ಅಂಥ ಡೆಪಾಸಿಟ್ಟೇ ಇರಲಿಲ್ಲ. ಕೆಲಸಕ್ಕೆ ಸೇರಿ ಕೆಲವು ದಿನ ಆದ ಮೇಲೆ ಸುದ್ದಿ ಹೇಳಿದರೆ ಸಾಕು. ಆಫರ್ ಬಂದ ಮೇಲೂ ದಾಖಲೆ ಪರಿಶೀಲನೆಯಲ್ಲಿ ಕೆಲಸ ತಪ್ಪಿದವರು ನಮ್ಮಲ್ಲೇ ಇದ್ದಾರೆ. ಊರಿಗೆಲ್ಲ ಹೇಳಿದ ಮೇಲೆ ‘ಆಗಲಿಲ್ಲ’ ಎಂದು ಹೇಳುವುದು ಎಷ್ಟು ಕಷ್ಟ ಎಂದು ಅವರನ್ನು ಕೇಳಿ.

ಮೆಸೇಜಿನ ಕೊನೆಯಲ್ಲಿ ಜೈ ಭೀಮ್ ಹಾಕಲೇ ಎಂದು ಕೇಳಿದಳು. ನಮ್ಮ ಗುಂಪಿನಲ್ಲಿ ಅದು ಪ್ರಶ್ನೆಯೇ ಅಲ್ಲ. ಆದರೆ ಹೊಸ ಸಹೋದ್ಯೋಗಿಗಳೂ ನೋಡುವ ಸ್ಟೇಟಸ್‌ನಲ್ಲಿ? ಧೈರ್ಯ ಮಾಡು ಎಂದು ಕುರ್ಚಿಯಲ್ಲಿ ಕುಳಿತು ಹೇಳುವುದು ನನಗೆ ಸುಲಭ. 1917ರಲ್ಲಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದಿ ಬರೋಡಾದ ನೌಕರಿಗೆ ಬಂದ ಬಾಬಾಸಾಹೇಬರೇ ಇರಲು ಮನೆ ಸಿಗದೆ ಪಾರ್ಸಿ ಹೆಸರಿನಲ್ಲಿ ಒಂದು ಛತ್ರದಲ್ಲಿ ಉಳಿಯಬೇಕಾಯಿತು. ಗುರುತು ತಿಳಿದ ಮೇಲೆ ಕೋಲು ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಹಾಗಾಗಿ ಅವಳ ಅಂಜಿಕೆಗೆ ಕಾರಣವಿದೆ. ತೀರ್ಮಾನ ಅವಳದೇ ಎಂದೆ. ಯೋಚಿಸಿ ಗುಂಪಿನಲ್ಲಿ ಹಾಕಿದಳು, ಸ್ಟೇಟಸ್‌ನಲ್ಲಿ ಈಗ ಬೇಡ ಎಂದಳು.

ಅವಳು ಕೊನೆಗೆ ಗುಂಪಿಗೆ ಹಾಕಿದ್ದು ಇದು. ಅವಳ ಒಪ್ಪಿಗೆಯಿಂದ, ಹೆಸರುಗಳನ್ನು ಬಿಟ್ಟು ಹಾಕುತ್ತಿದ್ದೇನೆ:

“ಎಲ್ಲರಿಗೂ ಜೈ ಭೀಮ್. ಒಂದು ವಾರದಿಂದ ದೇವನಹಳ್ಳಿ ಕಡೆ ಕ್ವಾಲಿಟಿ ವಿಭಾಗದಲ್ಲಿ, ಏಜೆನ್ಸಿ ಮೂಲಕ ಕೆಲಸಕ್ಕೆ ಹೋಗುತ್ತಿದ್ದೇನೆ. ಆರು ತಿಂಗಳು ಪ್ರೊಬೇಷನ್. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. ಬಸ್ಸಿಗೆ ದುಡ್ಡು ಕೊಟ್ಟು, ತನ್ನ ಚೂಡಿದಾರ ಕೊಟ್ಟು, ಆಗದೆ ಬಂದ ದಿನಗಳಲ್ಲಿ ಊಟ ಹಾಕಿದ ಅಕ್ಕನಿಗೆ ಮೊದಲು ಹೇಳಬೇಕಿತ್ತು, ತಡವಾಯಿತು. ಟೆಸ್ಟಿಗೆ ಎರಡು ವಾರ ಹೇಳಿಕೊಟ್ಟ ಐಟಿಐ ಸರ್‌ಗೆ, ರೆಸ್ಯೂಮೆ ಟೈಪ್ ಮಾಡಿಕೊಟ್ಟ ಅಣ್ಣನಿಗೆ, ಹೆಸರು ಬೇಡ ಎಂದ ಇಬ್ಬರಿಗೆ ಕೈ ಮುಗಿಯುತ್ತೇನೆ. ಇನ್ನು ನನಗೆ ಕೆಲಸದ ಮೆಸೇಜು ಕಳಿಸಬೇಡಿ, ಹುಡುಕುತ್ತಿರುವವರಿಗೆ ಕಳಿಸಿ. ಟೆಸ್ಟಿನಲ್ಲಿ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್ ಕೊಟ್ಟು ಅಳತೆ ಓದಿಸಿದರು, ಲೀಸ್ಟ್ ಕೌಂಟ್ ಕೇಳಿದರು, ಒಂದು ಡ್ರಾಯಿಂಗ್ ಓದಿಸಿದರು. ಯಾರಿಗಾದರೂ ಕಲಿಯಬೇಕಿದ್ದರೆ ಭಾನುವಾರ ವಂದನೆ ಆದ ಮೇಲೆ ನಾನು ಇರುತ್ತೇನೆ. ಸಾಲ ತಂದ ಎರಡು ಪುಸ್ತಕ ಈ ವಾರ ವಾಪಸ್ ತರುತ್ತೇನೆ.”

ಇದನ್ನು ಹಾಕುವ ಮುಂಚೆ ಅಕ್ಕನ ಮನೆಗೆ ಹೋಗಿದ್ದಳಂತೆ. ಒಗೆದು ಮಡಿಸಿದ ಚೂಡಿದಾರ ಹಿಡಿದುಕೊಂಡು. ಅಕ್ಕ ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಹೊಸಕೋಟೆಯಲ್ಲಿ ಓದುತ್ತಿರುವ ತನ್ನ ತಂಗಿಯ ಮಗಳಿಗೆ ಮುಂದಿನ ತಿಂಗಳು ಕ್ಯಾಂಪಸ್ ಇಂಟರ್‌ವ್ಯೂ ಇದೆ, ಅವಳಿಗೆ ಕೊಡು, ಮೈಕ್ರೋಮೀಟರ್ ಓದುವುದನ್ನೂ ಹೇಳಿಕೊಡು ಎಂದರಂತೆ.

ಜೈ ಭೀಮ್.