ಧ್ವನಿಗೊಂದು ರಜೆ ಕೇಳುವುದು

ಕೆಲಸಕ್ಕೆ ಬರಲಾಗದಿದ್ದರೆ ಪಾಳಿ ಶುರುವಾಗುವ ಮೊದಲು ಟೀಮ್ ಲೀಡರಿಗೆ ಫೋನ್ ಮಾಡಿ ತಿಳಿಸಬೇಕು, ಮೆಸೇಜ್ ಲೆಕ್ಕಕ್ಕಿಲ್ಲ. ಎಷ್ಟೋ ಕಾಲ್ ಸೆಂಟರುಗಳಲ್ಲಿ ಇರುವ ನಿಯಮ ಇದು. ಸುಳ್ಳು ರಜೆಗಳನ್ನು ತಡೆಯಲು ಮಾಡಿಕೊಂಡದ್ದು, ಅದರ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಗಂಟಲು ಕಟ್ಟಿ ಧ್ವನಿಯೇ ಹೊರಡದವಳು ಏನು ಮಾಡಬೇಕು? ಮೈಸೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಆ ಫೋನನ್ನೂ ಮಾಡಿದಳು. ಆ ಕಡೆಯವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದರು. ಇವಳು ಕತ್ತಿನ ನರ ಉಬ್ಬುವಂತೆ ಒತ್ತಿ ಹೇಳಿದಳು. ಅಲ್ಲಿಗೆ ಉಳಿದಿದ್ದ ಅಷ್ಟಿಷ್ಟು ಧ್ವನಿಯೂ ಹೋಯಿತು. ಆಮೇಲೆ ಬೆಟ್ಟದಪುರಕ್ಕೆ ಬಂದವಳು ಜಗಲಿಯ ಮೇಲೆ ಕೂತು, ಮ್ಯಾನೇಜರಿಗೆ ಬರೆದಿದ್ದ ರಜೆ ಅರ್ಜಿಯನ್ನು ನನ್ನ ಮುಂದಿಟ್ಟಳು.

ಮೊದಲ ಕರಡು ಎರಡೇ ಸಾಲಿತ್ತು: ಗಂಟಲು ನೋವಿರುವುದರಿಂದ ದಯವಿಟ್ಟು ರಜೆ ಮಂಜೂರು ಮಾಡಬೇಕು. ಇದನ್ನು ಓದಿದ ಯಾವ ಮ್ಯಾನೇಜರಾದರೂ ನೆಗಡಿ ಎಂದುಕೊಳ್ಳುತ್ತಾನೆ. ಅವನನ್ನು ತಪ್ಪು ಎನ್ನುವಂತಿಲ್ಲ. ಜ್ವರವಾದರೆ ಮೈ ಮುಟ್ಟಿ ನೋಡಬಹುದು, ಕೈ ಮುರಿದರೆ ಪಟ್ಟಿ ಕಾಣುತ್ತದೆ. ತೀವ್ರ ಲ್ಯಾರಿಂಜೈಟಿಸ್ ಆದವಳು ಓಡಾಡುತ್ತಾಳೆ, ಉಣ್ಣುತ್ತಾಳೆ, ಮೊಬೈಲು ನೋಡುತ್ತಾಳೆ. ನೋಡುವವರ ಕಣ್ಣಿಗೆ ಅವಳು ಆರಾಮಾಗಿಯೇ ಇದ್ದಾಳೆ. ಕೆಟ್ಟಿರುವುದು ಒಂದೇ ಒಂದು ಭಾಗ, ಆದರೆ ಸಂಬಳ ಬರುವುದೂ ಆ ಭಾಗದಿಂದಲೇ. ಅರ್ಜಿ ಈ ಮಾತನ್ನು ಹೇಳದೆ ಹೋದರೆ ಬೇರೇನು ಹೇಳಿದರೂ ವ್ಯರ್ಥ.

ಲೆಕ್ಕ ಹಾಕಿಸಿದೆ. ಒಂದು ಪಾಳಿಯಲ್ಲಿ ಅವಳಿಗೆ ಸುಮಾರು 90 ಕರೆ ಬರುತ್ತವೆ, ಕರೆಗೆ ನಾಲ್ಕು ನಿಮಿಷ. ಒಟ್ಟು ಆರು ಗಂಟೆ. ಅರ್ಧ ಗ್ರಾಹಕರ ಮಾತು, ಅರ್ಧ ಇವಳದು ಎಂದರೂ ಮೂರು ಗಂಟೆ ಇವಳ ಗಂಟಲು ದುಡಿಯುತ್ತದೆ. ಹೆಂಗಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸರಿಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ನಡುವಿನ ಮೌನ, ತಂತು ಮಿಡಿಯದೆ ಹೊರಡುವ ಅಕ್ಷರ ಎಂದು ಅರ್ಧ ಕಳೆದರೂ ದಿನಕ್ಕೆ ಹತ್ತು ಲಕ್ಷ ಬಡಿತ. ನೂರಾರು ಜನ ಒಟ್ಟಿಗೆ ಮಾತಾಡುವ ಹಜಾರದಲ್ಲಿ ತನಗೇ ಗೊತ್ತಿಲ್ಲದಂತೆ ದನಿ ಏರುತ್ತದೆ. ಎ.ಸಿ. ಗಾಳಿ ಗಂಟಲನ್ನು ಒಣಗಿಸುತ್ತದೆ. ಆರೋಗ್ಯವಾಗಿದ್ದಾಗ ಇದೆಲ್ಲ ನಡೆದುಹೋಗುತ್ತದೆ. ನೆಗಡಿಯ ವೈರಸ್ ಕೆಳಗಿಳಿದು ತಂತುಗಳು ಊದಿಕೊಂಡಾಗ, ಆ ಊದಿದ ಪೊರೆಯ ಮೇಲೆಯೇ ಅಷ್ಟೂ ಬಡಿತ ಬೀಳುತ್ತದೆ. ಹಾಗೆಯೇ ಒತ್ತಿ ಮಾತಾಡಿದರೆ ತಂತುವಿನೊಳಗೆ ರಕ್ತ ಒಸರಬಹುದು. ಮೇಲಿಂದ ಮೇಲೆ ಹೀಗಾದರೆ ಗಂಟು ಕಟ್ಟಬಹುದು. ಸುಮ್ಮನಿದ್ದರೆ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುವ ಕಾಯಿಲೆ ಹೀಗೆ ತಿಂಗಳುಗಟ್ಟಲೆ ಎಳೆಯುತ್ತದೆ.

ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಊರಿಗೆ ಬಂದ ಮೇಲೆ ಗೊತ್ತಾಯಿತು. ಇ.ಎನ್.ಟಿ. ವೈದ್ಯರು ಐದು ದಿನ ಪೂರ್ತಿ ಮೌನ ಎಂದು ಬರೆದಿದ್ದರು. ‘ಜೋರಾಗ್ ಮಾತಾಡ್ಬೇಡ ಕಣವ್ವ, ಮೆತ್ತಗೆ ಪಿಸುಗುಟ್ಟು, ಏನಾಯ್ತದೆ?’ ಎಂದಳು ಅಕ್ಕ. ಎಲ್ಲರೂ ಹಾಗೇ ತಿಳಿದಿದ್ದಾರೆ. ಆದರೆ ಪಿಸುಗುಟ್ಟುವಾಗ ಬಹುಪಾಲು ಜನ ಗಂಟಲನ್ನು ಇನ್ನಷ್ಟು ಬಿಗಿ ಹಿಡಿಯುತ್ತಾರೆ, ಅದು ವಿಶ್ರಾಂತಿಯಲ್ಲ. ಮತ್ತೆ ಮತ್ತೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವುದಂತೂ ಎರಡು ತಂತುಗಳನ್ನೂ ಹಿಡಿದು ಬಡಿದಂತೆ. ಬೀದಿಯಲ್ಲಿ ಹೋಗುವವರು ‘ಯಾವಾಗ ಬಂದ್ಯವ್ವ?’ ಎಂದು ಕೇಳುತ್ತಿದ್ದರು. ಇವಳು ಗಂಟಲು ಮುಟ್ಟಿ ತೋರಿಸಿದರೆ ಕೆಲವರಿಗೆ ಅರ್ಥವಾಗುತ್ತಿತ್ತು. ಪೇಟೆ ಸೇರಿ ಬಿಂಕ ಬಂದಿದೆ ಎಂದವರೂ ಇದ್ದರು.

ಬಂದದ್ದು ಹೊಗೆಸೊಪ್ಪು ಬೇಯಿಸುವ ಕಾಲ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಆಗಸ್ಟ್ ಬಂತೆಂದರೆ ಬ್ಯಾರನ್ ಒಲೆಗಳು ಹಗಲೂ ರಾತ್ರಿ ಉರಿಯುತ್ತವೆ. ಜಿನುಗು ಮಳೆ ಹಿಡಿದ ದಿನ ಸೌದೆಯ ಹೊಗೆ ಮೇಲೇಳದೆ ಹಟ್ಟಿಗೇ ಇಳಿಯುತ್ತದೆ. ಊದಿದ ಗಂಟಲಿಗೆ ಮಾತಿನಷ್ಟೇ ಕೇಡು ಹೊಗೆ. ‘ಊರಿಗೆ ಹೋಗಿ ರೆಸ್ಟ್ ತಗೋ’ ಎಂದು ಕಳಿಸುವವರಿಗೆ ಇದು ತಿಳಿದಿರುವುದಿಲ್ಲ. ಅವಳನ್ನು ಬ್ಯಾರನ್ನಿಲ್ಲದ ಬೀದಿಯ ಚಿಕ್ಕಮ್ಮನ ಮನೆಗೆ ಮಲಗಲು ಕಳಿಸಿದೆವು. ನೀರು ಹೆಚ್ಚು ಕುಡಿಸಿದೆವು, ಹಬೆ ಹಿಡಿಸಿದೆವು. ಶುಂಠಿ ಕಷಾಯ ಕೊಟ್ಟದ್ದು ಅಕ್ಕನ ಸಮಾಧಾನಕ್ಕೆ. ಕುಡಿದದ್ದು ಧ್ವನಿತಂತುವಿನ ಮೇಲೆ ಹರಿಯುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ.

ಅರ್ಜಿಯನ್ನು ಹೊಸದಾಗಿ ಬರೆದೆವು. ಅವಳು ಮೊಬೈಲಿನಲ್ಲಿ ಟೈಪು ಮಾಡಿ ತೋರಿಸುವುದು, ನಾನು ಬಾಯಲ್ಲಿ ತಿದ್ದುವುದು. ಕೊನೆಗೆ ನಿಂತ ರೂಪ ಹೀಗಿತ್ತು:

‘ಇ.ಎನ್.ಟಿ. ವೈದ್ಯರ ತಪಾಸಣೆಯಲ್ಲಿ ನನ್ನ ಧ್ವನಿತಂತುಗಳು ತೀವ್ರವಾಗಿ ಊದಿರುವುದು ಕಂಡಿದೆ. ಐದು ದಿನ ಪೂರ್ತಿ ಮೌನ, ನಂತರದ ಒಂದು ವಾರ ಮಿತವಾದ ಮಾತು ಎಂದು ಸೂಚಿಸಿದ್ದಾರೆ. ಪ್ರಮಾಣಪತ್ರ ಲಗತ್ತಿಸಿದೆ. ಮೊದಲ ಐದು ದಿನಕ್ಕೆ ಅನಾರೋಗ್ಯ ರಜೆ ಕೋರುತ್ತೇನೆ. ಈ ದಿನಗಳಲ್ಲಿ ಫೋನಿನಲ್ಲಿ ಮಾತಾಡಲು ನನಗೆ ಸಾಧ್ಯವಿಲ್ಲ, ಮೆಸೇಜಿಗೆ ಕೂಡಲೇ ಉತ್ತರಿಸುತ್ತೇನೆ. ಕೆಲಸಕ್ಕೆ ಮರಳಿದ ಮೊದಲ ವಾರ ಚಾಟ್ ಅಥವಾ ಇಮೇಲ್ ಕೆಲಸ ಕೊಡಬೇಕೆಂದು, ಅಲ್ಲಿ ಜಾಗವಿಲ್ಲದಿದ್ದರೆ ಕರೆಗಳನ್ನು ಅರ್ಧಕ್ಕೆ ಇಳಿಸಬೇಕೆಂದು ವಿನಂತಿ.’

ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ ಎಂದು ನನ್ನ ಎಣಿಕೆ. ಆರನೇ ದಿನ ದನಿ ಬಂದಿರುತ್ತದೆ, ಕೇಳಿದವರು ಸರಿಹೋಯಿತು ಎನ್ನುತ್ತಾರೆ. ಅವತ್ತೇ 90 ಕರೆ ಎತ್ತಿಕೊಂಡರೆ ಸಂಜೆಗೆ ಮತ್ತೆ ಕಟ್ಟುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಾತಾಡಿದಂತೆಲ್ಲ ಒರಟಾಗುತ್ತಾ ಹೋದರೆ ತಂತು ಇನ್ನೂ ಮಾಗಿಲ್ಲ ಎಂದರ್ಥ. ನಾಲ್ಕು ವಾರ ಕಳೆದರೂ ಕರ್ಕಶತನ ಉಳಿದರೆ ಗಂಟಲೊಳಗೆ ಮತ್ತೆ ನೋಡಿಸಲೇಬೇಕು. ಅದಕ್ಕೆ ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಬಾರದ ಮಕ್ಕಳಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ, ಆದರೆ ದನಿ ಕೆಟ್ಟ ದೊಡ್ಡವರನ್ನೂ ಅಲ್ಲಿ ನೋಡುತ್ತಾರೆ.

ಅರ್ಜಿಯ ತುಂಬ ‘ದಯವಿಟ್ಟು’ ಸೇರಿಸಲು ಅವಳು ಹೊರಟಿದ್ದಳು. ಒಂದೂ ಬೇಡ ಎಂದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961, ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳಸಹಿತ ಅನಾರೋಗ್ಯ ರಜೆಯನ್ನು ಕೊಟ್ಟಿದೆ. ಅದು ಯಾರೋ ಮಾಡುವ ಉಪಕಾರವಲ್ಲ. ದಿನವಿಡೀ ಬೈಯುವ ಗ್ರಾಹಕರಿಗೂ ‘ಕ್ಷಮಿಸಿ ಸರ್’ ಎನ್ನುವುದನ್ನು ರೂಢಿಸಿಕೊಂಡ ಮಕ್ಕಳು ತಮ್ಮ ಹಕ್ಕನ್ನು ಕೇಳುವಾಗಲೂ ಅದೇ ದನಿಗೆ ಇಳಿಯುತ್ತಾರೆ. ಇದು ನನಗೆ ಆ ಕಾಯಿಲೆಗಿಂತ ಹೆಚ್ಚು ಸಂಕಟ ಕೊಟ್ಟ ಸಂಗತಿ.

ರಜೆ ಸಿಕ್ಕಿತು. ಚಾಟ್ ಕೆಲಸ ಸಿಗಲಿಲ್ಲ, ಕರೆಗಳನ್ನು ಒಂದಿಷ್ಟು ಕಡಿಮೆ ಮಾಡಿದರು. ಟೀಮ್ ಲೀಡರುಗಳಾಗಿರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಧ್ವನಿ ಬಿದ್ದವರಿಂದ ಫೋನ್ ಕರೆ ಕೇಳಬೇಡಿ, ವೈದ್ಯರ ಚೀಟಿಯ ಫೋಟೋ ಇರುವ ಒಂದು ಮೆಸೇಜನ್ನು ಒಪ್ಪಿಕೊಳ್ಳಿ. ಆ ನಿಯಮ ಬದಲಿಸಲು ಖರ್ಚೇನೂ ಇಲ್ಲ.